ಗೋಷ್ಠಿಯ ಮೊದಲ ಎರಡು ನಿಮಿಷ: ನಡೆಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರು, ಕೊಪ್ಪಳ ಕಡೆ ಹತ್ತು ವರ್ಷದಿಂದ ಗೋಷ್ಠಿ, ಸಂವಾದಗಳನ್ನು ನಡೆಸಿಕೊಡುತ್ತಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಇಳಿದವರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಅವಕ್ಕೆಲ್ಲ ಒಂದೇ ಉದಾಹರಣೆ ಇಟ್ಟುಕೊಂಡು ಉತ್ತರ ಬರೆದಿದ್ದೇನೆ. ಉದಾಹರಣೆ ಸಿಂಧನೂರಿನಲ್ಲಿ ನಡೆಸಿದ ಒಂದು ಗೋಷ್ಠಿಯದು. ವಿಷಯ ತುಂಗಭದ್ರಾ ಎಡದಂಡೆ ಕಾಲುವೆಯ ನೀರು.

ನಾಲ್ವರನ್ನು ಕೂರಿಸಿದರೆ ನಾಲ್ಕು ಭಾಷಣ ಆಗಿಬಿಡುತ್ತದೆ. ಯಾಕೆ ಹೀಗೆ?

ನಾವೇ ಹಾಗೆ ಕರೆದಿರುತ್ತೇವೆ, ಅದಕ್ಕೆ. "ಸರ್, ತುಂಗಭದ್ರಾ ನೀರಿನ ಬಗ್ಗೆ ಹದಿನೈದು ನಿಮಿಷ ಮಾತಾಡಬೇಕು" ಅಂತ ನಾಲ್ವರಿಗೂ ಬೇರೆ ಬೇರೆಯಾಗಿ ಹೇಳಿರುತ್ತೇವೆ. ಅವರು ಮನೆಯಲ್ಲಿ ಕೂತು ಹದಿನೈದು ನಿಮಿಷದ್ದು ತಯಾರಿ ಮಾಡಿಕೊಂಡು ಬರುತ್ತಾರೆ. ಪಕ್ಕದಲ್ಲಿ ಯಾರು ಕೂರುತ್ತಾರೆ, ಅವರು ಏನು ಹೇಳುತ್ತಾರೆ ಅನ್ನುವುದು ಅವರಿಗೆ ಗೊತ್ತೇ ಇರುವುದಿಲ್ಲ. ವೇದಿಕೆಯ ಮೇಲೆ ನಾವು ಮತ್ತೆ ಅದನ್ನೇ ಮಾಡುತ್ತೇವೆ. ಸ್ವಾಗತ, ಶಾಲು, ಪ್ರಾಸ್ತಾವಿಕ ನುಡಿ, ಆಮೇಲೆ "ಈಗ ಮೊದಲನೆಯವರು ತಮ್ಮ ವಿಚಾರ ಮಂಡಿಸಬೇಕು". ಮೊದಲನೆಯವರು ಅಣೆಕಟ್ಟಿನ ಇತಿಹಾಸದಿಂದ ಶುರು ಮಾಡುತ್ತಾರೆ. ಎರಡನೆಯವರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಮೂರನೆಯವರು "ನಾನು ಹೇಳಬೇಕು ಅಂದುಕೊಂಡಿದ್ದನ್ನೆಲ್ಲ ಹಿಂದಿನವರೇ ಹೇಳಿಬಿಟ್ಟರು" ಅನ್ನುತ್ತಾರೆ, ಆದರೂ ಹದಿನೈದು ನಿಮಿಷ ಬಿಡುವುದಿಲ್ಲ.

ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡಬೇಕಾದರೆ, ಅವರಿಬ್ಬರ ನಡುವೆ ಎಲ್ಲಿ ಭಿನ್ನಾಭಿಪ್ರಾಯ ಇದೆ ಅಂತ ಮೊದಲೇ ಯಾರಾದರೂ ಹೇಳಬೇಕು. ಆ ಕೆಲಸ ಪ್ರಾಸ್ತಾವಿಕ ನುಡಿಯದು.

ವಿಷಯ ಅಂತ ಒಂದು ಇದ್ದೇ ಇರುತ್ತದಲ್ಲ, ಅದು ಸಾಲದೇ?

ಸಾಲದು. ನಮಗೆ ಆಯೋಜಕರು ಕೊಟ್ಟ ವಿಷಯ "ತುಂಗಭದ್ರಾ ನೀರು: ಸವಾಲುಗಳು ಮತ್ತು ಸಾಧ್ಯತೆಗಳು". ಬ್ಯಾನರ್ ಆಗಲೇ ಪ್ರಿಂಟ್ ಆಗಿತ್ತು. ಈ ಹೆಸರಿನ ಕೆಳಗೆ ಯಾರು ಏನು ಬೇಕಾದರೂ ಹೇಳಬಹುದು, ಯಾರಿಗೂ ಅಡ್ಡ ಬರುವುದಿಲ್ಲ. "ಸವಾಲುಗಳು ಮತ್ತು ಸಾಧ್ಯತೆಗಳು" ಅಂತ ಬ್ಯಾನರ್ ಮೇಲೆ ಕಂಡರೆ ನನಗೆ ಆಗಲೇ ನಿದ್ದೆ ಬರುತ್ತದೆ, ಇರಲಿ.

ನನ್ನ ಲೆಕ್ಕದಲ್ಲಿ ಗೋಷ್ಠಿಗೆ ಬೇಕಾದದ್ದು ಒಂದು ಕವಲು. ಇಬ್ಬರೂ ಒಂದೇ ದಾರಿಯಲ್ಲಿ ಬಂದು, ಒಂದು ಜಾಗದಲ್ಲಿ ಬೇರೆಯಾಗುತ್ತಾರಲ್ಲ, ಆ ಜಾಗ.

ಆ ಕವಲನ್ನು ಕಂಡುಹಿಡಿಯುವುದು ಹೇಗೆ?

ಫೋನಿನಲ್ಲಿ. ಗೋಷ್ಠಿಗೆ ಒಂದು ವಾರ ಮುಂಚೆ ಒಬ್ಬೊಬ್ಬರ ಜೊತೆ ಇಪ್ಪತ್ತು ನಿಮಿಷ ಮಾತಾಡುತ್ತೇನೆ. "ನೀವು ಏನು ಮಾತಾಡುತ್ತೀರಿ" ಅಂತ ಕೇಳುವುದಿಲ್ಲ, ಕೇಳಿದರೆ ಭಾಷಣವೇ ಶುರುವಾಗುತ್ತದೆ. ಮೂರು ಪ್ರಶ್ನೆ ಕೇಳುತ್ತೇನೆ. ಈ ವಿಷಯದಲ್ಲಿ ಜನ ಹೇಳುವ ಯಾವ ಮಾತು ಕೇಳಿದರೆ ನಿಮಗೆ ಸಿಟ್ಟು ಬರುತ್ತದೆ? ನಿಮ್ಮ ಮಾತು ಕೇಳಿ ಯಾರಿಗೆ ಸಿಟ್ಟು ಬರುತ್ತದೆ? ಅವರ ಮಾತಿನಲ್ಲಿ ನೀವು ಒಪ್ಪುವುದು ಏನಾದರೂ ಇದೆಯೇ?

ಸಿಂಧನೂರಿನ ಗೋಷ್ಠಿಗೆ ನಾಲ್ವರಿದ್ದರು. ಒಬ್ಬರು ಕಾರಟಗಿ ಕಡೆಯ ರೈತರು, ಕಾಲುವೆಯ ಮೇಲ್ಭಾಗದವರು. ಇನ್ನೊಬ್ಬರು ಮಾನ್ವಿ ತಾಲೂಕಿನ ಕೊನೆ ಭಾಗದ ರೈತರು. ಮೂರನೆಯವರು ಕಾಲುವೆಯ ಮೇಲೆ ಕೆಲಸ ಮಾಡಿ ನಿವೃತ್ತರಾದ ಎಂಜಿನಿಯರ್. ನಾಲ್ಕನೆಯವರು ನೆಲ್ಲು ನಾಟಿಗೆ ಗುಂಪು ಕಟ್ಟಿಕೊಂಡು ಹೋಗುವ ಕೂಲಿಕಾರ ಅಕ್ಕ.

ಕಾರಟಗಿಯವರಿಗೆ ಸಿಟ್ಟು ಬರುವ ಮಾತು "ಮೇಲಿನವರು ನೀರು ಕದಿಯುತ್ತಾರೆ" ಅನ್ನುವುದು. ಅವರ ವಾದ ಹೀಗಿತ್ತು: ಸುತ್ತ ಎಲ್ಲರೂ ನೆಲ್ಲು ಹಚ್ಚಿದಾಗ ಬಸಿ ನೀರು ನನ್ನ ಹೊಲಕ್ಕೂ ಬರುತ್ತದೆ. ಭೂಮಿ ಸವಳು ಜವಳಾಗಿದೆ. ಅಲ್ಲಿ ಹತ್ತಿ ಹಾಕು, ಜೋಳ ಹಾಕು ಅಂದರೆ ಬೇರು ಕೊಳೆಯುತ್ತದೆ. ನೆಲ್ಲು ಬಿಟ್ಟು ಬೇರೆ ದಾರಿ ನನಗಿಲ್ಲ.

ಮಾನ್ವಿಯವರಿಗೆ ಸಿಟ್ಟು ಬರುವ ಮಾತು "ಸರದಿ ಪ್ರಕಾರ ನೀರು ಬಿಡುತ್ತಿದ್ದೇವೆ" ಅನ್ನುವುದು. ಮೇಲೆ ನೆಲ್ಲು ಇರುವ ತನಕ ಸರದಿ ಅನ್ನುವುದು ಕಾಗದದ ಮೇಲಿನ ಮಾತು ಅಂತ ಅವರ ವಾದ. ಮೆಣಸಿನಕಾಯಿಗೆ ಒಂದು ತಡಿ ನೀರು ಸಿಗದೆ ಬೆಳೆ ಹೋಗಿದ್ದನ್ನು ಅವರು ಹೇಳಿಕೊಂಡರು.

ಎಂಜಿನಿಯರ್ ಸಾಹೇಬರು, ಈ ಕಾಲುವೆಯನ್ನು ಕಟ್ಟಿದ್ದೇ ಹೆಚ್ಚಾಗಿ ಅರೆ ಖುಷ್ಕಿ ಬೆಳೆಗೆ ಅಂತ ಶುರು ಮಾಡಿದರು. ಕಡಿಮೆ ನೀರನ್ನು ಜಾಸ್ತಿ ಭೂಮಿಗೆ ಹಂಚುವ ಲೆಕ್ಕ ಅದು. ನೆಲ್ಲಿಗೆ ಬೇಕಾದ ನೀರು ಆ ಲೆಕ್ಕದಲ್ಲೇ ಇಲ್ಲ. ಆದರೆ ಈಗ ನೆಲ್ಲು ನಿಲ್ಲಿಸಲಿಕ್ಕೆ ಆಗುವುದಿಲ್ಲ, ಕಾಲುವೆಯ ನೀರಿನ ಮಟ್ಟ ತೋರಿಸುವ ಗೇಜ್ ಸರಿಯಾಗಿ ಕಾಯ್ದರೆ ಕೊನೆಗೂ ನೀರು ಮುಟ್ಟಿಸಬಹುದು ಅಂತಲೂ ಅಂದರು.

ಅಕ್ಕ ಹೇಳಿದ್ದು ಒಂದೇ ಮಾತು. "ನೀರಿನ ಜಗಳದಾಗ ನಮ್ಮ ಹೆಸರು ಯಾರೂ ತಗಿಯಂಗಿಲ್ಲ." ಈ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಎಲ್ಲರೂ ಒಪ್ಪುವ ಸಂಗತಿಗಳನ್ನು ಏನು ಮಾಡುವುದು?

ಪ್ರಸ್ತಾವನೆಯಲ್ಲಿ ನೀವೇ ಹೇಳಿ ಮುಗಿಸಿ. ಇದು ಬಹಳ ಜನ ಬಿಡುವ ಹೆಜ್ಜೆ, ಆದರೆ ಇಲ್ಲಿಯೇ ಗೋಷ್ಠಿ ಕೆಡುತ್ತದೆ.

ನಮ್ಮ ನಾಲ್ವರೂ ಫೋನಿನಲ್ಲಿ ಹೂಳಿನ ಮಾತು ಎತ್ತಿದ್ದರು. 1953ರಲ್ಲಿ ಮುಗಿದಾಗ ಜಲಾಶಯದಲ್ಲಿ 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಇದರಲ್ಲಿ ಯಾರಿಗೂ ತಕರಾರಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದ ಮಾತೂ ಎಲ್ಲರ ಬಾಯಲ್ಲಿತ್ತು. ನವಲಿ ಹತ್ತಿರ ಸಮತೋಲನ ಜಲಾಶಯ ಬೇಕು ಅಂತಲೂ ಮೂವರು ಅಂದರು.

ಇವೆಲ್ಲ ನಿಜವೇ. ಆದರೆ ವೇದಿಕೆಯ ಮೇಲೆ ಇವು ತಪ್ಪಿಸಿಕೊಳ್ಳುವ ಬಾಗಿಲು. ಪಕ್ಕದಲ್ಲಿ ಕೂತವರ ಮುಖ ನೋಡಿ "ನಿಮ್ಮ ನೆಲ್ಲಿನಿಂದ ನನ್ನ ಮೆಣಸಿನಕಾಯಿ ಒಣಗಿತು" ಅನ್ನುವುದು ಕಷ್ಟ. ಹೂಳನ್ನು ಬೈಯುವುದು ಸುಲಭ, ಅದು ತಿರುಗಿ ಮಾತಾಡುವುದಿಲ್ಲ. ಹಾಗಾಗಿ ಆ ಬಾಗಿಲನ್ನು ನೀವೇ ಮರ್ಯಾದೆಯಿಂದ ಮುಚ್ಚಬೇಕು. "ಇದರಲ್ಲಿ ನಾಲ್ವರಿಗೂ ಒಂದೇ ಮಾತು, ಆದ್ದರಿಂದ ಇವತ್ತು ಅದಕ್ಕೆ ಸಮಯ ಕೊಡುವುದಿಲ್ಲ" ಅಂತ ಹೇಳಿದರೆ ಸಾಕು. ಅಂಕಿಗಳನ್ನು ನೀವು ಹೇಳಿಬಿಟ್ಟಿರುವುದರಿಂದ ಅವರು ಮತ್ತೆ ಹೇಳುವ ಅಗತ್ಯವೂ ಉಳಿಯುವುದಿಲ್ಲ.

ಭಿನ್ನಾಭಿಪ್ರಾಯ ಇರುವುದು ಸತ್ಯ ಸಂಗತಿಯ ಬಗ್ಗೆಯೇ ಆದರೆ?

ಹಾಗಿದ್ದರೆ ಅದನ್ನು ಗೋಷ್ಠಿಗೆ ಮುಂಚೆಯೇ ಬಗೆಹರಿಸಲು ನೋಡಿ. ಮಾನ್ವಿಯವರು "ನೀರು ಬರಲೇ ಇಲ್ಲ" ಅಂದರು. ಸಾಹೇಬರು "ಬಿಟ್ಟಿದ್ದರು, ನನಗೆ ಗೊತ್ತು" ಅಂದರು. ಇದನ್ನು ಹಾಗೇ ವೇದಿಕೆಗೆ ಒಯ್ದಿದ್ದರೆ ಒಂದು ಗಂಟೆ "ಬಂತು, ಬರಲಿಲ್ಲ" ಅಂತಲೇ ಹೋಗುತ್ತಿತ್ತು. ಕೇಳುವವರಿಗೆ ಯಾರ ಮಾತು ನಿಜ ಅಂತ ತಿಳಿಯಲು ದಾರಿಯೇ ಇರುವುದಿಲ್ಲ.

ಸ್ವಲ್ಪ ಕೆದಕಿದಾಗ ಇಬ್ಬರ ಮಾತೂ ನಿಜ ಅಂತ ಗೊತ್ತಾಯಿತು. ಸಾಹೇಬರು ಹೇಳುತ್ತಿದ್ದದ್ದು ವಿತರಣಾ ಕಾಲುವೆಯ ತಲೆಯಲ್ಲಿರುವ ಗೇಜಿನ ಲೆಕ್ಕ. ಅಲ್ಲಿ ದಿನಾ ಮಟ್ಟ ನೋಡಿ ಬರೆದಿಡುತ್ತಾರೆ. ರೈತರು ಹೇಳುತ್ತಿದ್ದದ್ದು ತಮ್ಮ ಹೊಲದ ತೂಬಿನ ಮಾತು. ಗೇಜಿಗೂ ತೂಬಿಗೂ ನಡುವೆ ಪೈಪು, ಪಂಪ್‌ಸೆಟ್ಟು, ಒಡೆದ ಕಾಲುವೆ ಎಲ್ಲ ಇವೆ. ಇದು ಗೊತ್ತಾದ ಮೇಲೆ ಪ್ರಸ್ತಾವನೆಯಲ್ಲಿ ಒಂದು ಸಾಲು ಹಾಕಿದೆ: "ಗೇಜಿನಲ್ಲಿ ನೀರು ಇತ್ತು, ತೂಬಿನಲ್ಲಿ ಇರಲಿಲ್ಲ." ಇಬ್ಬರೂ ತಲೆಯಾಡಿಸಿದರು.

ಕವಲನ್ನು ಒಂದೇ ವಾಕ್ಯದಲ್ಲಿ ಹೇಗೆ ಬರೆಯುತ್ತೀರಿ?

ಮೂರ್ನಾಲ್ಕು ಸಲ ಬರೆದು ಹರಿದು ಹಾಕುತ್ತೇನೆ. ಈ ಗೋಷ್ಠಿಗೆ ಮೊದಲು ಬರೆದದ್ದು "ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನೆಲ್ಲು ಬೇಕೇ, ಬೇಡವೇ?" ಓದಲಿಕ್ಕೆ ಖಾರವಾಗಿದೆ. ಆದರೆ ಸುಳ್ಳು. ಮಾನ್ವಿಯವರು ನೆಲ್ಲು ಪೂರ್ತಿ ಬೇಡ ಅಂದಿರಲಿಲ್ಲ. ಎರಡನೇ ಬೆಳೆಗೆ ಬೇಡ, ನೀರು ಕಡಿಮೆ ಇದ್ದ ವರ್ಷ ಬೇಡ ಅಂದಿದ್ದರು. ಈ ಪ್ರಶ್ನೆ ಕೇಳಿದ್ದರೆ ಅವರು ಮೊದಲ ಐದು ನಿಮಿಷ "ನಾನು ಹಾಗೆ ಹೇಳಿಲ್ಲ" ಅಂತ ಬಿಡಿಸಿ ಹೇಳುವುದರಲ್ಲೇ ಕಳೆಯುತ್ತಿದ್ದರು.

ಎರಡನೇ ಸಲ ಬರೆದದ್ದು "ಕೊನೆ ಭಾಗಕ್ಕೆ ನ್ಯಾಯ ಒದಗಿಸುವುದು ಹೇಗೆ?" ಇದರಲ್ಲಿ ತೀರ್ಪು ಆಗಲೇ ಬಂದುಬಿಟ್ಟಿದೆ. ಕಾರಟಗಿಯವರು ಆರೋಪಿ ಸ್ಥಾನದಲ್ಲಿ ಕೂರಬೇಕಾಗುತ್ತಿತ್ತು.

ಕೊನೆಗೆ ಉಳಿದದ್ದು ಇದು: "ನೀರು ಕಡಿಮೆ ಇದ್ದ ವರ್ಷ ಮೊದಲು ಬದಲಾಗಬೇಕಾದದ್ದು ಯಾವುದು, ಮೇಲಿನ ಬೆಳೆಯೋ, ಕಾಲುವೆ ನಡೆಸುವ ರೀತಿಯೋ?"

ಇದು ಯಾಕೆ ನಡೆಯಿತು ಅಂದರೆ, "ಮೊದಲು" ಅನ್ನುವ ಮಾತಿನಿಂದ. ಎರಡೂ ಬೇಕು ಅನ್ನುವ ಜಾರಿಕೆಯ ಉತ್ತರಕ್ಕೆ ಅದು ಅಡ್ಡ ನಿಲ್ಲುತ್ತದೆ. "ನೀರು ಕಡಿಮೆ ಇದ್ದ ವರ್ಷ" ಅನ್ನುವುದು ಜಗಳದ ಮೇರೆಯನ್ನು ಸರಿಯಾಗಿ ಹಾಕುತ್ತದೆ. ಜಲಾಶಯ ತುಂಬಿದ ವರ್ಷ ಈ ಜಗಳ ಅಷ್ಟು ಇರುವುದೇ ಇಲ್ಲ. ಬರೆದ ಮೇಲೆ ಇಬ್ಬರು ರೈತರಿಗೂ ಫೋನ್ ಮಾಡಿ ಓದಿ ಹೇಳಿದೆ. "ನಿಮ್ಮ ನಿಲುವು ಇದರ ಯಾವ ಕಡೆಗೆ?" ಅಂತ ಕೇಳಿದೆ. ಇಬ್ಬರೂ ತಡಮಾಡದೆ ಹೇಳಿದರು, ಬೇರೆ ಬೇರೆ ಕಡೆ ಹೇಳಿದರು. ಈ ಪರೀಕ್ಷೆ ಪಾಸಾಗದ ವಾಕ್ಯವನ್ನು ನಾನು ವೇದಿಕೆಗೆ ಒಯ್ಯುವುದಿಲ್ಲ.

ನೀವು ಓದಿದ ಪ್ರಸ್ತಾವನೆಯನ್ನೇ ತೋರಿಸಬಹುದೇ?

ತೋರಿಸುತ್ತೇನೆ. ನಿಧಾನವಾಗಿ ಓದಿದರೂ ಎರಡು ನಿಮಿಷ ದಾಟುವುದಿಲ್ಲ.

"ಎಲ್ಲರಿಗೂ ನಮಸ್ಕಾರ. ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಸುಮಾರು 227 ಕಿಲೋಮೀಟರ್ ಹರಿಯುತ್ತದೆ. ಅದರ ಮೇಲ್ಭಾಗದ ಒಬ್ಬರು, ಕೊನೆ ಭಾಗದ ಒಬ್ಬರು ಇವತ್ತು ಪಕ್ಕಪಕ್ಕದಲ್ಲಿ ಕೂತಿದ್ದಾರೆ. ಮೊದಲು ಇವರು ಒಪ್ಪುವ ಮಾತು ಹೇಳಿಬಿಡುತ್ತೇನೆ. ಜಲಾಶಯದಲ್ಲಿ ಹೂಳು ತುಂಬಿ 133 ಟಿಎಂಸಿ 105ರ ಹತ್ತಿರ ಬಂದಿದೆ. ಗೇಟುಗಳ ಕಥೆ ನಿಮಗೆಲ್ಲ ಗೊತ್ತು. ಅಕ್ರಮ ಪಂಪ್‌ಸೆಟ್ಟು ಇವೆ. ಗೇಜಿನಲ್ಲಿ ನೀರು ಇದ್ದಾಗಲೂ ತೂಬಿನಲ್ಲಿ ಇರುವುದಿಲ್ಲ. ಇದರಲ್ಲಿ ತಕರಾರಿಲ್ಲ, ಹಾಗಾಗಿ ಇದನ್ನು ಇಲ್ಲಿಗೇ ಬಿಡುತ್ತೇವೆ.

ಇವರು ಬೇರೆಯಾಗುವುದು ಒಂದು ಪ್ರಶ್ನೆಯ ಹತ್ತಿರ. ನೀರು ಕಡಿಮೆ ಇದ್ದ ವರ್ಷ ಮೊದಲು ಬದಲಾಗಬೇಕಾದದ್ದು ಮೇಲಿನ ಬೆಳೆಯೋ, ಕಾಲುವೆ ನಡೆಸುವ ರೀತಿಯೋ? ಕಾರಟಗಿಯ ಗೌಡರು ಹೇಳುತ್ತಾರೆ, ನನ್ನ ಭೂಮಿ ಜವಳಾಗಿದೆ, ಬೆಳೆ ಬದಲಾಯಿಸಲಿಕ್ಕೆ ಆಗುವುದಿಲ್ಲ, ಕಾಲುವೆ ಸರಿಯಾಗಿ ನಡೆಸಿ. ಮಾನ್ವಿಯ ಯಜಮಾನರು ಹೇಳುತ್ತಾರೆ, ಮೇಲೆ ನೆಲ್ಲು ಇರುವ ತನಕ ಯಾರೂ ಕಾಲುವೆ ಸರಿಯಾಗಿ ನಡೆಸಲಿಕ್ಕೆ ಆಗುವುದಿಲ್ಲ. ಸಾಹೇಬರು ಕಾಲುವೆ ನಡೆಸಿದವರು, ಅದು ಆಗುತ್ತದೋ ಇಲ್ಲವೋ ಅವರೇ ಹೇಳಬೇಕು. ಬೆಳೆ ಬದಲಾದರೆ ಮೊದಲು ಕೆಲಸ ಹೋಗುವುದು ನಾಟಿಯವರದು. ಆ ಲೆಕ್ಕ ಅಕ್ಕ ಹೇಳುತ್ತಾರೆ.

ಯಜಮಾನ್ರೇ, ನಿಮ್ಮಿಂದ ಶುರು ಮಾಡುತ್ತೇನೆ. ಗೌಡರ ಭೂಮಿ ಜವಳಾಗಿರುವುದು ನಿಜ. ಅವರು ಬರುವ ವರ್ಷ ಏನು ಬೆಳೆಯಬೇಕು ಅಂತೀರಿ?"

ಮೊದಲ ಪ್ರಶ್ನೆ ಯಾಕೆ ಹಾಗೆ ಕೇಳಿದಿರಿ? "ನಿಮ್ಮ ಅಭಿಪ್ರಾಯ ಏನು" ಅಂತ ಕೇಳಬಹುದಿತ್ತಲ್ಲ?

"ನಿಮ್ಮ ಅಭಿಪ್ರಾಯ ಏನು" ಅಂದ ಕೂಡಲೇ ಜೇಬಿನಲ್ಲಿರುವ ಭಾಷಣ ಹೊರಗೆ ಬರುತ್ತದೆ. ಅವರ ನಿಲುವನ್ನು ನೀವು ಆಗಲೇ ಒಂದು ಸಾಲಿನಲ್ಲಿ ಹೇಳಿದ್ದೀರಿ. ಈಗ ಕೇಳಬೇಕಾದದ್ದು ಪಕ್ಕದವರ ಕಷ್ಟದ ಬಗ್ಗೆ. ಮಾನ್ವಿಯವರು ತಮ್ಮ ಮೆಣಸಿನಕಾಯಿಯ ಮಾತು ಬಿಟ್ಟು ಗೌಡರ ಹೊಲದ ಮಾತು ಆಡಬೇಕಾಯಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಜವಳು ಆಗಿದ್ದು ನೆಲ್ಲಿನಿಂದಲೇ ಅಲ್ರೀ? ಎರಡು ವರ್ಷ ಬಿಟ್ಟು ನೋಡ್ರಿ" ಅಂದರು. ಗೌಡರು ಮೈಕಿಗೆ ಕಾಯಲಿಲ್ಲ. "ನಾ ಒಬ್ಬನ ಬಿಟ್ರ ಬಾಜೂದವ್ನ ನೀರು ಎಲ್ಲಿ ಹೋಗತೈತ್ರೀ, ನನ್ನ ಹೊಲಕ್ಕ ಬರತೈತಿ" ಅಂದರು. ಅಲ್ಲಿಂದ ಇಪ್ಪತ್ತು ನಿಮಿಷ ನಾನು ಬಾಯಿ ಬಿಡಬೇಕಾಗಲಿಲ್ಲ.

ಯಾರನ್ನು ಮೊದಲು ಕೇಳಬೇಕು ಅನ್ನುವುದಕ್ಕೂ ಒಂದು ಲೆಕ್ಕ ಇದೆ. ಎಂಜಿನಿಯರ್ ಅವರಿಂದ ಶುರು ಮಾಡಿದ್ದರೆ ಉಳಿದವರು ಅವರಿಗೆ ಮನವಿ ಕೊಡುವ ಧಾಟಿಗೆ ಇಳಿಯುತ್ತಿದ್ದರು. ನಮ್ಮ ಕಡೆ ಸಾಹೇಬರು ನಿವೃತ್ತರಾದರೂ ಸಾಹೇಬರೇ.

ನಿಲುವನ್ನು ನೀವೇ ಹೇಳಿಬಿಟ್ಟರೆ ಅವರಿಗೆ ಬೇಜಾರಾಗುವುದಿಲ್ಲವೇ?

ಕೇಳದೆ ಹೇಳಿದರೆ ಆಗುತ್ತದೆ, ಆಗಬೇಕಾದದ್ದೇ. ನನಗೆ ಒಂದು ಸಲ ಹಾಗಾಗಿತ್ತು. ಒಂದು ಕಾಲೇಜಿನಲ್ಲಿ, ಅತಿಥಿಯೊಬ್ಬರ ಹಳೆಯ ಲೇಖನ ನೋಡಿ ಅವರ ನಿಲುವು ಇದು ಅಂತ ಹೇಳಿಬಿಟ್ಟೆ. ಅವರು ಆ ಅಭಿಪ್ರಾಯ ಬಿಟ್ಟು ನಾಲ್ಕು ವರ್ಷ ಆಗಿತ್ತಂತೆ. ಅವರ ಅರ್ಧ ಸಮಯ ನನ್ನನ್ನು ತಿದ್ದುವುದಕ್ಕೇ ಹೋಯಿತು. ಅವತ್ತಿನಿಂದ ಪ್ರತಿಯೊಬ್ಬರ ಒಂದು ಸಾಲನ್ನು ಹಿಂದಿನ ದಿನ ವಾಟ್ಸಾಪಿನಲ್ಲಿ ಕಳಿಸುತ್ತೇನೆ, ಓದಲು ಬಾರದವರಿಗೆ ಫೋನಿನಲ್ಲಿ ಹೇಳುತ್ತೇನೆ. ತಮ್ಮ ಸಾಲಷ್ಟೇ ಅಲ್ಲ, ಉಳಿದವರದ್ದೂ ಗೊತ್ತಿರಲಿ. ಮನೆಯಲ್ಲೇ ಉತ್ತರ ಯೋಚಿಸಿಕೊಂಡು ಬರುತ್ತಾರೆ.

ಜಗಳ ಆದರೆ?

ಊರಿನ ಜಗಳ ವೇದಿಕೆಗೆ ಬರುವ ಭಯ ಎಲ್ಲರಿಗೂ ಇರುತ್ತದೆ. ನಾನು ನೋಡಿದ ಹಾಗೆ ಜಗಳ ಆಗುವುದು ಪ್ರಶ್ನೆ ಮಸುಕಾಗಿದ್ದಾಗ. ಏನನ್ನು ವಾದಿಸಬೇಕು ಅಂತ ತಿಳಿಯದಿದ್ದರೆ ಮಾತು ಜಾತಿಗೆ, ಪಕ್ಷಕ್ಕೆ, ಆಂಧ್ರದ ಕಡೆಯಿಂದ ಬಂದು ನೆಲೆಸಿದವರನ್ನು "ಕ್ಯಾಂಪಿನವರು" ಅನ್ನುವ ಕಡೆಗೆ ಹೊರಳುತ್ತದೆ. ಹಾಗಾದಾಗ ಕವಲಿನ ವಾಕ್ಯವನ್ನು ಮತ್ತೊಮ್ಮೆ ಓದಿ, "ಇದಕ್ಕೆ ಹೇಳ್ರಿ" ಅನ್ನುತ್ತೇನೆ. ಆ ವಾಕ್ಯದಲ್ಲಿ ಬೆಳೆ ಇರಲಿ, ಕಾಲುವೆ ಇರಲಿ. ಊರು, ಮಂದಿ ಇರಬಾರದು.

ಅತಿಥಿಗಳು ಪರಿಚಯ ಉದ್ದ ಇರಲಿ ಅಂತ ಬಯಸುತ್ತಾರಲ್ಲ?

ಅದನ್ನು ನಿರೂಪಕರಿಗೆ ಬಿಡಿ, ಸ್ವಾಗತದಲ್ಲೇ ಮುಗಿಯಲಿ. ಪ್ರಸ್ತಾವನೆಯ ನಡುವೆ ಪ್ರಶಸ್ತಿಗಳ ಪಟ್ಟಿ ಬಂದರೆ ಕವಲು ಯಾರಿಗೂ ನೆನಪಿರುವುದಿಲ್ಲ.

ಎಲ್ಲರ ಅಭಿಪ್ರಾಯವೂ ಒಂದೇ ಆಗಿದ್ದರೆ?

ಫೋನಿನಲ್ಲಿ ಅದು ಗೊತ್ತಾದರೆ ಆಯೋಜಕರಿಗೆ ಹೇಳಿ ಒಬ್ಬರನ್ನು ಬದಲಾಯಿಸಿ. ಆಗದಿದ್ದರೆ ಗೋಷ್ಠಿ ಅನ್ನಬೇಡಿ, ಉಪನ್ಯಾಸ ಅನ್ನಿ. ಇಲ್ಲದ ಭಿನ್ನಾಭಿಪ್ರಾಯವನ್ನು ಹುಟ್ಟಿಸಬೇಡಿ. ಒಬ್ಬರು ಸುಮ್ನೆ ವಿರೋಧ ಮಾಡುತ್ತಿದ್ದಾರೆ ಅನ್ನುವುದು ಕೇಳುವವರಿಗೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಸರ್ಕಾರಿ ಕೆಲಸದಲ್ಲಿ ಇರುವವರನ್ನು ಹೇಗೆ ಸೇರಿಸುವುದು?

ಅವರು ಇಲಾಖೆಯ ತೀರ್ಮಾನದ ವಿರುದ್ಧ ಮಾತಾಡಲಾರರು. ಅವರನ್ನು ಕವಲಿನ ಒಂದು ಕಡೆಗೆ ನಿಲ್ಲಿಸಿದರೆ "ಮೇಲಧಿಕಾರಿಗಳ ಗಮನಕ್ಕೆ ತರುತ್ತೇನೆ" ಅನ್ನುವುದೊಂದೇ ಉತ್ತರ. "ಇದು ಸರಿಯೇ?" ಅಂತ ಕೇಳುವ ಬದಲು "ಇದನ್ನು ಮಾಡಲು ಏನೇನು ಬೇಕು, ಎಲ್ಲಿ ತೊಡಕು?" ಅಂತ ಕೇಳಿ. ಸಿಂಧನೂರಿನಲ್ಲಿ ನಿವೃತ್ತರನ್ನು ಕರೆದದ್ದೂ ಇದೇ ಕಾರಣಕ್ಕೆ.

ಪ್ರಸ್ತಾವನೆ ಕೆಲಸ ಮಾಡಿತೋ ಇಲ್ಲವೋ ಹೇಗೆ ಗೊತ್ತಾಗುತ್ತದೆ?

ನಾನು ಒಂದು ಚೀಟಿ ಇಟ್ಟುಕೊಳ್ಳುತ್ತೇನೆ. ಒಬ್ಬರು ಇನ್ನೊಬ್ಬರನ್ನು ಕರೆದು ಮಾತಾಡಿದಾಗೆಲ್ಲ ಒಂದು ಗೀಟು. "ಗೌಡ್ರು ಅಂದಂಗ" ಅಂತ ಹೇಳಿ ತಮ್ಮ ಮಾತಿಗೆ ಹೊರಳಿದರೆ ಅದಕ್ಕೆ ಗೀಟಿಲ್ಲ. ಪಕ್ಕದವರ ಮಾತಿನಿಂದ ತಮ್ಮ ಮಾತು ಬದಲಾದರೆ ಮಾತ್ರ ಗೀಟು. ಮೊದಲ ಹದಿನೈದು ನಿಮಿಷದಲ್ಲಿ ಒಂದೂ ಬೀಳದಿದ್ದರೆ ಪ್ರಸ್ತಾವನೆ ಬಿದ್ದಿದೆ ಅಂತ ಲೆಕ್ಕ. ಆಗ ತಡಮಾಡದೆ ನಡುವೆ ಬಂದು ಕವಲನ್ನು ಮತ್ತೆ ಹೇಳಬೇಕು. ಇನ್ನೊಂದು ಗುರುತು ಅವರ ಕಣ್ಣು. ಸಭೆಯ ಕಡೆ ನೋಡುತ್ತಿದ್ದರೆ ಭಾಷಣ, ಪಕ್ಕಕ್ಕೆ ತಿರುಗಿದ್ದರೆ ಮಾತುಕತೆ. ಕುರ್ಚಿಗಳನ್ನು ಸಾಲಾಗಿ ಇಡದೆ ಸ್ವಲ್ಪ ಬಾಗಿಸಿ ಇಡಿಸುವುದು ಅದಕ್ಕೇ.

ಸಿಂಧನೂರಿನಲ್ಲಿ ಎಲ್ಲ ಸರಿಯಾಯಿತೇ?

ಇಲ್ಲ. ಗೌಡರಿಗೂ ಯಜಮಾನರಿಗೂ ಚೀಟಿ ತುಂಬ ಗೀಟು ಬಿತ್ತು. ಸಾಹೇಬರಿಗೆ ನಾಲ್ಕು. ಅಕ್ಕನ ಹೆಸರಿನ ಮುಂದೆ ನಲವತ್ತು ನಿಮಿಷ ಏನೂ ಇರಲಿಲ್ಲ. ತಪ್ಪು ನನ್ನದೇ. ಫೋನಿನಲ್ಲಿ ಆಕೆ ಹೇಳಿದ ಮಾತನ್ನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಕವಲಿಗೆ ಎರಡೇ ಕಡೆ ಇಟ್ಟಿದ್ದೆ, ಎರಡೂ ಹೊಲ ಇದ್ದವರ ಕಡೆ. ಅಕ್ಕನನ್ನು "ಆ ಲೆಕ್ಕ ಹೇಳುತ್ತಾರೆ" ಅಂತ ಬಾಲಕ್ಕೆ ಅಂಟಿಸಿದ್ದೆ.

ಕೊನೆಗೆ ಆಕೆಯೇ ಮೈಕ್ ತೆಗೆದುಕೊಂಡರು. "ಬೆಳಿ ಬದಲ್ ಆದ್ರೂ ನಮಗ ಗುಳೆ, ಕಾಲುವಿ ಬಂದ್ ಆದ್ರೂ ನಮಗ ಗುಳೆ. ನೀವಿಬ್ರೂ ಜಗಳಾಡ್ರಿ, ನಾವು ಬೆಂಗಳೂರು ಬಸ್ ಹತ್ತತೀವಿ" ಅಂದರು. ಆಮೇಲೆ ಗೌಡರ ಕಡೆ ತಿರುಗಿ, ನೆಲ್ಲು ಬೇಕೇ ಬೇಕು ಅನ್ನುವವರು ನಾಟಿ ಕೂಲಿಯ ಮಾತು ಬಂದಾಗ ಯಾಕೆ ಚೌಕಾಸಿ ಮಾಡುತ್ತೀರಿ ಅಂತ ಕೇಳಿದರು. ಗೌಡರು ನಕ್ಕರು, ಉತ್ತರ ಕೊಡಲಿಲ್ಲ. ಮಾನ್ವಿಯ ಯಜಮಾನರು ಮೊದಲ ಸಲ ಗೌಡರ ಪರ ಮಾತಾಡಿದರು.

ಮುಂದಿನ ಸಲ ಇದೇ ವಿಷಯ ಬಂದರೆ ಪ್ರಸ್ತಾವನೆ ಬೇರೆ ಬರೆಯುತ್ತೇನೆ. "ನೀರು ಕಡಿಮೆ ಇದ್ದ ವರ್ಷದ ನಷ್ಟ ಯಾರು ಹೊರಬೇಕು?" ಅಂತ ಈಗ ಒಂದು ಸಾಲು ಬರೆದಿಟ್ಟುಕೊಂಡಿದ್ದೇನೆ. ಇದರಲ್ಲಿ ನಾಲ್ವರಿಗೂ ಜಾಗ ಇದೆ ಅನ್ನಿಸುತ್ತದೆ. ಅಕ್ಕನಿಗೆ ಇನ್ನೂ ಓದಿ ಹೇಳಿಲ್ಲ.